ಸಂತ್ಯಾಗ ತರಕಾರಿ ಅಗ್ಗ, ಬ್ಯಾಂಕಿನ ಬಡ್ಡಿ ಮಾತ್ರ ಇದ್ದಲ್ಲೇ: ರಿಸರ್ವ್ ಬ್ಯಾಂಕ್ ಯಾಕೆ ಕೈ ಕಟ್ಟಿ ಕುಳಿತಿತು?

ಕೆರೂರ: ಬೆಲೆ ಏರಿದಾಗ ಬಡ್ಡಿ ಏರಿಸುವ ರಿಸರ್ವ್ ಬ್ಯಾಂಕ್, ಬೆಲೆ ಇಳಿದಾಗ ಬಡ್ಡಿ ಇಳಿಸಬೇಕಲ್ಲ? ಮನೆ ಸಾಲದ ಕಂತು ಕಟ್ಟುವವರು, ಅಂಗಡಿಗೆ ಸಾಲ ತೆಗೆದವರು 2025ರ ಆಗಸ್ಟ್‌ನಲ್ಲಿ ಕೇಳುತ್ತಿದ್ದ ಪ್ರಶ್ನೆ ಇದು. ಪ್ರಶ್ನೆ ಸರಿಯಾಗೇ ಇದೆ. 2025ರ ಜೂನ್ ತಿಂಗಳಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ. 2.1ಕ್ಕೆ ಇಳಿದಿತ್ತು. ಆದರೂ ಆಗಸ್ಟ್ 6ರಂದು ಗವರ್ನರ್ ಸಂಜಯ್ ಮಲ್ಹೋತ್ರಾ ರೆಪೊ ದರವನ್ನು ಶೇ. 5.50ರಲ್ಲೇ ಉಳಿಸಿರುವುದಾಗಿ ಪ್ರಕಟಿಸಿದರು. ಹಣಕಾಸು ನೀತಿ ಸಮಿತಿಯ ಆರೂ ಸದಸ್ಯರದ್ದು ಒಂದೇ ಮಾತು. ಅದಾಗಿ ಆರು ದಿನಕ್ಕೆ ಜುಲೈ ತಿಂಗಳ ಅಂಕಿ ಬಂತು: ಶೇ. 1.55. 2017ರ ಜೂನ್ ನಂತರ ಇಷ್ಟು ಕಡಿಮೆ ಅಂಕಿ ಬಂದೇ ಇರಲಿಲ್ಲ.

ಹಂಗಾದ್ರ ಸಮಿತಿ ತಪ್ಪು ಮಾಡಿತೇನು? ಉತ್ತರ ಹುಡುಕಬೇಕಾದರೆ ಈ ಅಂಕಿ ಯಾಕೆ ಇಳಿಯಿತು ಎಂಬುದನ್ನು ಮೊದಲು ಬಿಡಿಸಿ ನೋಡಬೇಕು.

ಅಂಕಿ ಇಳಿಸಿದ್ದು ತರಕಾರಿ

ಹಣದುಬ್ಬರ ಅಂದರೆ ಬೆಲೆಯಲ್ಲ. ಹೋದ ವರ್ಷ ಇದೇ ತಿಂಗಳು ಇದ್ದ ಬೆಲೆಗೆ ಹೋಲಿಸಿದರೆ ಈ ವರ್ಷ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬ ಲೆಕ್ಕ ಅದು. ಈ ಒಂದು ಮಾತು ನೆನಪಿಟ್ಟರೆ ಉಳಿದದ್ದು ಸುಲಭ.

2024ರ ಜೂನ್‌ನಲ್ಲಿ ತರಕಾರಿ ಬೆಲೆ ಹಿಂದಿನ ವರ್ಷಕ್ಕಿಂತ ಶೇ. 29ರಷ್ಟು ಏರಿತ್ತು. ಅಂದರೆ 2023ರ ಜೂನ್‌ನಲ್ಲಿ 100 ರೂಪಾಯಿಗೆ ತುಂಬುತ್ತಿದ್ದ ತರಕಾರಿ ಚೀಲ 2024ರಲ್ಲಿ 129 ರೂಪಾಯಿ ಆಗಿತ್ತು. 2025ರ ಜೂನ್‌ನಲ್ಲಿ ಬೆಲೆ ಶೇ. 19ರಷ್ಟು ಇಳಿಯಿತು. 129ರಲ್ಲಿ ಶೇ. 19 ತೆಗೆದರೆ ಉಳಿಯುವುದು ಸುಮಾರು 105 ರೂಪಾಯಿ. ಚೀಲ ಸೋವಿಯಾಯಿತು ಅಂತ ಅನಿಸುತ್ತದೆ, 2024ಕ್ಕೆ ಹೋಲಿಸಿದರೆ ಅದು ನಿಜವೂ ಹೌದು. ಆದರೆ 2023ರ ಬೆಲೆಗೆ ಹೋಲಿಸಿದರೆ ಇನ್ನೂ 5 ರೂಪಾಯಿ ಜಾಸ್ತಿಯೇ. ತರಕಾರಿ ನಿಜವಾಗಿ ಅಗ್ಗವಾಯಿತು ಅನ್ನುವುದಕ್ಕಿಂತ, 2024ರಲ್ಲಿ ಏರಿದ್ದು 2025ರಲ್ಲಿ ಇಳಿದು ಜಾಗಕ್ಕೆ ಬಂತು ಅನ್ನುವುದೇ ಸರಿ.

2025ರಲ್ಲಿ ಸರ್ಕಾರದ ಬೆಲೆ ಸೂಚ್ಯಂಕದಲ್ಲಿ ಮನೆಯ 100 ರೂಪಾಯಿ ಖರ್ಚಿಗೆ ತರಕಾರಿಯ ಪಾಲು ಸುಮಾರು 6 ರೂಪಾಯಿ ಇತ್ತು. ಆರರ ಮೇಲೆ ಶೇ. 19 ಇಳಿದರೆ ಒಟ್ಟು ಅಂಕಿ ಒಂದಕ್ಕಿಂತ ಸ್ವಲ್ಪ ಜಾಸ್ತಿಯೇ ಕೆಳಗೆ ಬರುತ್ತದೆ. ಅದರ ಜೊತೆ ಬೇಳೆಕಾಳು ಬೆಲೆ ಸುಮಾರು ಶೇ. 12 ಇಳಿಯಿತು. ಹೀಗೆ ಜೂನ್‌ನಲ್ಲಿ ಆಹಾರದ ಹಣದುಬ್ಬರ ಸೊನ್ನೆಗಿಂತ ಕೆಳಗೆ, ಮೈನಸ್ 1ರ ಹತ್ತಿರ ಹೋಯಿತು.

ಹಾಗಾದರೆ ಊಟದ ಸಾಮಾನು ಬಿಟ್ಟು ಉಳಿದದ್ದರ ಕಥೆ ಏನು? ಶಾಲೆ ಫೀ, ದವಾಖಾನೆ ಖರ್ಚು, ಮನೆ ಬಾಡಿಗೆ, ಬಟ್ಟೆ, ಬಂಗಾರ ಇವೆಲ್ಲ ಸೇರಿದ ಲೆಕ್ಕಕ್ಕೆ ಮೂಲ ಹಣದುಬ್ಬರ ಅನ್ನುತ್ತಾರೆ. ಆಹಾರ ಮತ್ತು ಇಂಧನ ಇದರಲ್ಲಿ ಸೇರುವುದಿಲ್ಲ. ಇದು ಜೂನ್‌ನಲ್ಲಿ ಇಳಿಯಲಿಲ್ಲ, ಶೇ. 4.4ಕ್ಕೆ ಏರಿತು. ಬಂಗಾರದ ಬೆಲೆ ಏರುತ್ತಲೇ ಇದ್ದದ್ದು ಅದಕ್ಕೆ ಒಂದು ಕಾರಣ ಎಂದು ಗವರ್ನರ್ ತಮ್ಮ ಹೇಳಿಕೆಯಲ್ಲೇ ಹೇಳಿದ್ದರು. ಅಂದರೆ ಸಂತ್ಯಾಗ ಉಳಿದ ದುಡ್ಡು ಬೇರೆ ಕಡೆ ಖರ್ಚಾಗುತ್ತಲೇ ಇತ್ತು.

ಬಡ್ಡಿಗೂ ಟೊಮ್ಯಾಟೊ ಬೆಲೆಗೂ ನೇರ ಸಂಬಂಧ ಇಲ್ಲ. ಮಳೆ ಹೆಚ್ಚಾಯಿತೋ ಕಡಿಮೆ ಆಯಿತೋ, ಎಷ್ಟು ಎಕರೆ ಬಿತ್ತಿದರು, ಮಾರುಕಟ್ಟೆಗೆ ಎಷ್ಟು ಲಾರಿ ಬಂದವು ಎಂಬುದರ ಮೇಲೆ ತರಕಾರಿ ಬೆಲೆ ನಿಲ್ಲುತ್ತದೆ. ಬಡ್ಡಿ ಕೆಲಸ ಮಾಡುವುದು ಜನ ಸಾಲ ಮಾಡಿ ಕೊಳ್ಳುವ ವಸ್ತುಗಳ ಮೇಲೆ, ವ್ಯಾಪಾರದ ಮೇಲೆ, ಕಟ್ಟಡ ಕೆಲಸದ ಮೇಲೆ. ಆದ್ದರಿಂದ ತರಕಾರಿಯಿಂದ ಇಳಿದ ಅಂಕಿಯನ್ನು ನೋಡಿ ಬಡ್ಡಿ ಇಳಿಸುವುದಕ್ಕೆ ಸಮಿತಿ ಹಿಂಜರಿಯುತ್ತದೆ.

ಸಮಿತಿ ನೋಡಿದ್ದು ಮುಂದಿನ ವರ್ಷ

ಎರಡನೇ ಕಾರಣ ಇನ್ನೂ ಮುಖ್ಯವಾದದ್ದು. ಇವತ್ತು ಬಡ್ಡಿ ಇಳಿಸಿದರೆ ಅದರ ಪರಿಣಾಮ ನಾಳೆಯೇ ಕಾಣುವುದಿಲ್ಲ. ಬ್ಯಾಂಕುಗಳು ತಮ್ಮ ದರ ಇಳಿಸಬೇಕು, ಜನ ಸಾಲ ತೆಗೆಯಬೇಕು, ಖರ್ಚು ಮಾಡಬೇಕು. ಇದೆಲ್ಲ ಬೆಲೆಯಲ್ಲಿ ಕಾಣಿಸಿಕೊಳ್ಳಲಿಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಹಾಗಾಗಿ ಸಮಿತಿ ಹೋದ ತಿಂಗಳ ಅಂಕಿಗಿಂತ ಬರುವ ವರ್ಷದ ಅಂದಾಜನ್ನೇ ಹೆಚ್ಚು ನೋಡುತ್ತದೆ.

ಆಗಸ್ಟ್ 6ರ ಅಂದಾಜು ಹೀಗಿತ್ತು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹಣದುಬ್ಬರ ಶೇ. 2.1, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 3.1, ಜನವರಿಯಿಂದ ಮಾರ್ಚ್‌ವರೆಗೆ 4.4. ಆಮೇಲೆ 2026ರ ಏಪ್ರಿಲ್‌ನಿಂದ ಜೂನ್‌ವರೆಗೆ 4.9. ಸರ್ಕಾರ ರಿಸರ್ವ್ ಬ್ಯಾಂಕಿಗೆ ಕೊಟ್ಟಿರುವ ಗುರಿ ಶೇ. 4. ಅದಕ್ಕಿಂತ ಎರಡು ಮೇಲೆ, ಎರಡು ಕೆಳಗೆ ಹೋದರೆ ನಡೆಯುತ್ತದೆ. ಅಂದರೆ ಆಗ ಗುರಿಗಿಂತ ಬಹಳ ಕೆಳಗಿದ್ದ ಅಂಕಿ, ವರ್ಷ ತುಂಬುವುದರೊಳಗೆ ಗುರಿ ದಾಟಿ ಮೇಲೆ ಹೋಗುತ್ತದೆ ಎಂಬುದು ಬ್ಯಾಂಕಿನ ಲೆಕ್ಕವಾಗಿತ್ತು.

ಅಷ್ಟು ಏರಿಕೆ ಎಲ್ಲಿಂದ ಬರುತ್ತದೆ? ಮತ್ತೆ ಅದೇ ತರಕಾರಿ ಚೀಲಕ್ಕೆ ಬರೋಣ. 2025ರ ಜೂನ್‌ನಲ್ಲಿ ಚೀಲ 105 ರೂಪಾಯಿ. 2026ರ ಜೂನ್‌ನಲ್ಲಿ ಅದು 2024ರ ಬೆಲೆಗೆ, ಅಂದರೆ 129 ರೂಪಾಯಿಗೆ ಹೋಯಿತು ಅಂತ ಇಟ್ಟುಕೊಳ್ಳಿ. ಹೊಸ ದಾಖಲೆ ಏನೂ ಅಲ್ಲ, ಒಮ್ಮೆ ಕಂಡ ಬೆಲೆಯೇ. ಆದರೂ ಲೆಕ್ಕದಲ್ಲಿ ಅದು ಶೇ. 23 ಏರಿಕೆ ಅಂತ ಬರುತ್ತದೆ. 2024ರ ಏರಿದ ಬೆಲೆ 2025ರ ಅಂಕಿಯನ್ನು ಹೇಗೆ ಸಣ್ಣದು ಮಾಡಿತೋ, 2025ರ ಇಳಿದ ಬೆಲೆ 2026ರ ಅಂಕಿಯನ್ನು ಹಾಗೇ ದೊಡ್ಡದು ಮಾಡುತ್ತದೆ.

ಇದನ್ನು ಬಡ್ಡಿ ಲೆಕ್ಕಕ್ಕೆ ತಂದರೆ ಸಮಿತಿಯ ಅಂಜಿಕೆ ತಿಳಿಯುತ್ತದೆ. ಆಗಸ್ಟ್‌ನಲ್ಲಿ ರೆಪೊ ದರ 5.5 ಇತ್ತು, ಜೂನ್ ಹಣದುಬ್ಬರ 2.1. ಬೆಲೆ ಏರಿಕೆ ಕಳೆದು ಉಳಿಯುವ ನಿಜವಾದ ಬಡ್ಡಿ 3.4. ಇದು ಜಾಸ್ತಿಯೇ, ಇಳಿಸಲು ಜಾಗ ಇದೆ ಅನಿಸುತ್ತದೆ. ಆದರೆ 2026ರ ಅಂದಾಜಿನ 4.9ನ್ನು ಕಳೆದರೆ ಉಳಿಯುವುದು ಬರೀ 0.6. ಆಗ ಇಳಿಸಲು ಜಾಗ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಒಂದೇ ರೆಪೊ ದರ, ಹಿಂದೆ ತಿರುಗಿ ನೋಡಿದರೆ ತುಟ್ಟಿ, ಮುಂದೆ ನೋಡಿದರೆ ಸೋವಿ. ಬಡ್ಡಿ ಇಳಿಸಬೇಕೆನ್ನುವವರು ಮತ್ತು ಬೇಡವೆನ್ನುವವರು ಜಗಳಾಡುವುದು ಈ ಎರಡು ಅಂಕಿಯ ನಡುವೆಯೇ.

ಮೊದಲು ಇಳಿಸಿದ್ದು ಇನ್ನೂ ಪೂರ್ತಿ ಮುಟ್ಟಿರಲಿಲ್ಲ

ಮೂರನೇ ಕಾರಣ ನಮ್ಮ ಪಾಸ್‌ಬುಕ್‌ನಲ್ಲೇ ಕಾಣುವಂಥದ್ದು. ರಿಸರ್ವ್ ಬ್ಯಾಂಕ್ 2025ರಲ್ಲಿ ಸುಮ್ಮನೆ ಕೂತಿರಲಿಲ್ಲ. ಫೆಬ್ರುವರಿಯಲ್ಲಿ ಕಾಲು, ಏಪ್ರಿಲ್‌ನಲ್ಲಿ ಕಾಲು, ಜೂನ್‌ನಲ್ಲಿ ಒಮ್ಮೆಲೇ ಅರ್ಧ, ಒಟ್ಟು ಶೇ. 1ರಷ್ಟು ರೆಪೊ ಇಳಿಸಿತ್ತು. 6.50 ಇದ್ದದ್ದು 5.50 ಆಗಿತ್ತು. ಆದರೆ ಗವರ್ನರ್ ಕೊಟ್ಟ ಲೆಕ್ಕದ ಪ್ರಕಾರ ಜೂನ್‌ವರೆಗೆ ಹೊಸ ಸಾಲಗಳ ಬಡ್ಡಿ ಸರಾಸರಿ 0.71ರಷ್ಟು, ಹಳೆ ಸಾಲಗಳ ಬಡ್ಡಿ 0.39ರಷ್ಟು ಮಾತ್ರ ಇಳಿದಿತ್ತು. ಹೊಸದಾಗಿ ಇಡುವ ಠೇವಣಿಯ ಬಡ್ಡಿ ಮಾತ್ರ 0.87ರಷ್ಟು ಇಳಿದಿತ್ತು. ಕೊಡುವಾಗ ನಿಧಾನ, ಇಟ್ಟವರಿಂದ ಕಡಿಯುವಾಗ ಜೋರು.

ತಡ ಆಗುವುದಕ್ಕೆ ಕಾರಣ ಇದೆ. 2019ರ ಅಕ್ಟೋಬರ್ 1ರ ನಂತರ ವಾಣಿಜ್ಯ ಬ್ಯಾಂಕುಗಳು ಕೊಡುವ ಏರಿಳಿತದ ಬಡ್ಡಿಯ ಮನೆ ಸಾಲ, ವೈಯಕ್ತಿಕ ಸಾಲ ಮತ್ತು ಸಣ್ಣ ಉದ್ದಿಮೆ ಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಕೊಂಡಿವೆ. ಅವುಗಳ ಬಡ್ಡಿಯನ್ನು ಮೂರು ತಿಂಗಳಿಗೆ ಒಮ್ಮೆಯಾದರೂ ಪರಿಷ್ಕರಿಸಬೇಕು. ಅಂದರೆ ಜೂನ್‌ನ ಅರ್ಧ ಕೆಲವರಿಗೆ ಸೆಪ್ಟೆಂಬರ್‌ವರೆಗೂ ಸಿಗದೇ ಹೋಗಬಹುದಿತ್ತು. ಅದಕ್ಕಿಂತ ಹಳೆಯ ಸಾಲಗಳು ಬ್ಯಾಂಕಿನದೇ ದರಕ್ಕೆ ಕಟ್ಟಿಕೊಂಡಿದ್ದು, ಇನ್ನೂ ನಿಧಾನವಾಗಿ ಇಳಿಯುತ್ತವೆ. ಗ್ರಾಮೀಣ ಬ್ಯಾಂಕುಗಳಿಗೆ ಈ ನಿಯಮವೇ ಅನ್ವಯಿಸುವುದಿಲ್ಲ. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದ್ದರೂ ಈ ವಿಷಯದಲ್ಲಿ ಬದಲಾವಣೆ ಇಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. 20 ವರ್ಷಕ್ಕೆ 10 ಲಕ್ಷ ಮನೆ ಸಾಲ, ಬಡ್ಡಿ ಶೇ. 9 ಇದ್ದರೆ ತಿಂಗಳ ಕಂತು ಸುಮಾರು 8,997 ರೂಪಾಯಿ. ಬಡ್ಡಿ ಶೇ. 8 ಆದರೆ 8,364. ಉಳಿತಾಯ 633 ರೂಪಾಯಿ. ಆಗಸ್ಟ್‌ನಲ್ಲಿ ಮತ್ತೊಂದು ಕಾಲು ಇಳಿಸಿದ್ದರೆ ಕಂತು 8,209 ಆಗುತ್ತಿತ್ತು, ಅಂದರೆ ಇನ್ನೊಂದು 155 ರೂಪಾಯಿ. ಸಾಲಗಾರನ ದೃಷ್ಟಿಯಿಂದ ನೋಡಿದರೆ, ಬರದೇ ಹೋದ 155ಕ್ಕಿಂತ ಬರಬೇಕಾದ 633 ಪೂರ್ತಿ ಬಂತೇ ಇಲ್ಲವೇ ಅನ್ನುವುದೇ ದೊಡ್ಡ ಪ್ರಶ್ನೆ. ಎಷ್ಟೋ ಸಲ ಬ್ಯಾಂಕು ಕಂತು ಇಳಿಸುವುದಿಲ್ಲ, ಅಷ್ಟೇ ಕಂತು ಇಟ್ಟು ವರ್ಷ ಕಡಿಮೆ ಮಾಡುತ್ತದೆ. ಆಗ ಲಾಭ ಆಗಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಬ್ರಾಂಚಿನಲ್ಲಿ ಸಾಲದ ಖಾತೆಯ ಈಗಿನ ಬಡ್ಡಿ ಎಷ್ಟು, ಯಾವ ದಿನಾಂಕಕ್ಕೆ ಬದಲಾಗುತ್ತದೆ, ಉಳಿದ ಕಂತು ಎಷ್ಟು ಎಂದು ಮೂರು ಮಾತು ಕೇಳಿದರೆ ಗೊತ್ತಾಗುತ್ತದೆ.

ಇದಲ್ಲದೆ ಜೂನ್‌ನಲ್ಲಿ ಪ್ರಕಟಿಸಿದ ಇನ್ನೊಂದು ಕ್ರಮ ಆಗ ಇನ್ನೂ ಜಾರಿಗೇ ಬಂದಿರಲಿಲ್ಲ. ಬ್ಯಾಂಕುಗಳು ತಮ್ಮ ಠೇವಣಿಯ ಒಂದು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ ನಗದಾಗಿ ಇಡಬೇಕು. ಆ ಪಾಲನ್ನು ಶೇ. 4ರಿಂದ 3ಕ್ಕೆ ಇಳಿಸುವ ತೀರ್ಮಾನ ಆಗಿತ್ತು. ಸೆಪ್ಟೆಂಬರ್ 6ರಿಂದ ನವೆಂಬರ್ 29ರವರೆಗೆ ನಾಲ್ಕು ಕಂತುಗಳಲ್ಲಿ ಇದು ಆಗಬೇಕಿತ್ತು, ಬ್ಯಾಂಕುಗಳ ಕೈಗೆ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಬರಬೇಕಿತ್ತು. ಕೊಟ್ಟ ಗುಳಿಗೆ ಇನ್ನೂ ಹೊಟ್ಟೆಯಲ್ಲಿ ಕರಗುತ್ತಿರುವಾಗ ಡಾಕ್ಟರು ಮತ್ತೊಂದು ಗುಳಿಗೆ ಕೊಡುವುದಿಲ್ಲ. ಸಮಿತಿಯ ವಾದವೂ ಅದೇ ಆಗಿತ್ತು.

ನಾಲ್ಕನೆಯದಾಗಿ ಅಮೆರಿಕದ ಸುಂಕ. ಭಾರತದ ಸರಕಿನ ಮೇಲೆ ಶೇ. 25ರ ಸುಂಕ ಆಗಸ್ಟ್ 7ರಿಂದ ಜಾರಿಗೆ ಬಂತು. ರೆಪೊ ತೀರ್ಮಾನ ಹೊರಬಿದ್ದ ದಿನವೇ, ಆಗಸ್ಟ್ 27ರಿಂದ ಇನ್ನೂ ಶೇ. 25 ಸೇರಿಸುವ ಆದೇಶಕ್ಕೆ ಅಮೆರಿಕದ ಅಧ್ಯಕ್ಷರು ಸಹಿ ಹಾಕಿದರು. ಇದರ ಪೆಟ್ಟು ಎಷ್ಟು ಎಂದು ಆಗ ಇನ್ನೂ ತಿಳಿಯಬೇಕಿತ್ತು. ಇಳಕಲ್ಲಿನ ಗ್ರಾನೈಟ್‌ನಂತೆ ಹೊರದೇಶಕ್ಕೆ ಹೋಗುವ ಸರಕು ಇರುವ ಜಿಲ್ಲೆಗೆ ಇದು ದೂರದ ಸುದ್ದಿಯಾಗಿರಲಿಲ್ಲ. ಪೆಟ್ಟು ಜೋರಾಗಿ ಬಿದ್ದರೆ ಆಗ ಇಳಿಸಲು ಒಂದಿಷ್ಟು ಜಾಗ ಕೈಯಲ್ಲಿರಲಿ ಎಂಬ ಆಲೋಚನೆಯೂ ಇಲ್ಲಿ ಕೆಲಸ ಮಾಡುತ್ತಿತ್ತು. 2025-26ರ ಬೆಳವಣಿಗೆಯ ಅಂದಾಜನ್ನು ಬ್ಯಾಂಕ್ ಆಗಸ್ಟ್‌ನಲ್ಲಿ ಶೇ. 6.5ರಲ್ಲೇ ಉಳಿಸಿತ್ತು.

ಎದುರು ವಾದವೂ ಗಟ್ಟಿಯಾಗಿತ್ತು

ಇಷ್ಟೆಲ್ಲ ಕೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಸಮಿತಿ ಮುಂದಿನ ವರ್ಷದ ಅಂದಾಜಿನ ಮೇಲೆ ನಿಂತಿತ್ತು. ಆ ಅಂದಾಜು ಎಷ್ಟು ಗಟ್ಟಿ? 2025-26ರ ಸರಾಸರಿ ಹಣದುಬ್ಬರ ಶೇ. 4.2 ಎಂದು ಫೆಬ್ರುವರಿಯಲ್ಲಿ ಹೇಳಿದ್ದರು. ಏಪ್ರಿಲ್‌ನಲ್ಲಿ 4.0 ಅಂದರು, ಜೂನ್‌ನಲ್ಲಿ 3.7, ಆಗಸ್ಟ್‌ನಲ್ಲಿ 3.1. ನಾಲ್ಕು ಸಭೆಗಳಲ್ಲಿ ಒಂದು ಸಲವೂ ಅಂದಾಜು ಮೇಲೆ ಹೋಗಿರಲಿಲ್ಲ, ಪ್ರತಿ ಸಲ ಕೆಳಗೇ ಬಂದಿತ್ತು. ಒಂದೇ ದಿಕ್ಕಿನಲ್ಲಿ ಪದೇ ಪದೇ ತಪ್ಪುತ್ತಿರುವ ತಕ್ಕಡಿಯನ್ನು ನಂಬಿ ವ್ಯಾಪಾರ ಮಾಡುವುದು ಎಷ್ಟು ಸರಿ?

ಇನ್ನೊಂದು ಮಾತು ಕಾನೂನಿನದು. ಮೂರು ತ್ರೈಮಾಸಿಕ ಸತತವಾಗಿ ಹಣದುಬ್ಬರ ಶೇ. 6 ದಾಟಿದರೆ ರಿಸರ್ವ್ ಬ್ಯಾಂಕ್ ಗುರಿ ತಪ್ಪಿತು ಎಂದು ಲೆಕ್ಕ. 2022ರಲ್ಲಿ ಹಾಗೇ ಆಗಿ ಕೇಂದ್ರಕ್ಕೆ ಕಾರಣ ಬರೆದು ಕೊಡಬೇಕಾಯಿತು. ಆದರೆ ಮೂರು ತ್ರೈಮಾಸಿಕ ಶೇ. 2ಕ್ಕಿಂತ ಕೆಳಗೆ ಹೋದರೂ ಅದು ಗುರಿ ತಪ್ಪಿದ ಹಾಗೇ. ಜುಲೈನ 1.55 ಆ ಗೆರೆಗಿಂತ ಕೆಳಗಿತ್ತು. ಒಂದು ತಿಂಗಳ ಅಂಕಿಯಿಂದ ಗಾಬರಿ ಬೇಡ. ಆದರೆ ಬೆಲೆ ಇಳಿದದ್ದು ಯಾವಾಗಲೂ ಒಳ್ಳೆಯದೇ ಎಂದು ತಿಳಿಯುವುದೂ ತಪ್ಪು.

ಇದು ಬಾದಾಮಿ, ಹುನಗುಂದ ತಾಲ್ಲೂಕುಗಳ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿಲ್ಲಿಯಲ್ಲಿ ತರಕಾರಿ ಮತ್ತು ಬೇಳೆಯ ಹಣದುಬ್ಬರ ಇಳಿಯಿತು ಎಂದು ಓದುವ ಸುದ್ದಿ, ಇಲ್ಲಿ ಉಳ್ಳಾಗಡ್ಡಿ, ಕಡಲೆ, ಹೆಸರು ಬೆಳೆದವರ ಮಟ್ಟಿಗೆ ಆದಾಯ ಇಳಿಯಿತು ಎಂಬ ಸುದ್ದಿ. ಕೊಳ್ಳುವವನ ಚೀಲ ಹಗುರಾದಷ್ಟೂ ಮಾರುವವನ ಜೇಬೂ ಹಗುರಾಗುತ್ತದೆ. ಬಿತ್ತನೆ ಬೀಜ, ಗೊಬ್ಬರ, ಆಳಿನ ಕೂಲಿ ಮಾತ್ರ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ರೈತನ ಕೈಯಲ್ಲಿ ರೊಕ್ಕ ಇಲ್ಲದಿದ್ದರೆ ಊರಿನ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಯ ವ್ಯಾಪಾರವೂ ನಿಲ್ಲುತ್ತದೆ.

ಆದರೆ ಇಲ್ಲೇ ಒಂದು ಮಿತಿಯನ್ನೂ ತಿಳಿಯಬೇಕು. ರೆಪೊ ಇಳಿದಿದ್ದರೂ ಈ ರೈತನಿಗೆ ನೇರ ಲಾಭ ಬಹಳ ಇರಲಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನ 3 ಲಕ್ಷದವರೆಗಿನ ಬೆಳೆ ಸಾಲದ ಬಡ್ಡಿ ಶೇ. 7, ಸಮಯಕ್ಕೆ ಕಟ್ಟಿದರೆ 4. ಅದನ್ನು ನಿಲ್ಲಿಸಿರುವುದು ಕೇಂದ್ರದ ಬಡ್ಡಿ ಸಹಾಯಧನ. ಸೊಸೈಟಿಯಲ್ಲಿ ರಾಜ್ಯ ಸರ್ಕಾರದ ಯೋಜನೆಯಡಿ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ. ಇನ್ನು ಬಂಗಾರ ಅಡವಿಟ್ಟು ಖಾಸಗಿ ಫೈನಾನ್ಸಿನಲ್ಲಿ ತೆಗೆದ ಸಾಲ, ವಾರದ ಕಂತಿನ ಸಂಘದ ಸಾಲ, ಕೈಸಾಲ ಇವು ಯಾವುವೂ ರೆಪೊ ಏರಿಳಿತಕ್ಕೆ ತಕ್ಷಣ ಅಲುಗಾಡುವುದಿಲ್ಲ. ರೆಪೊ ದರದ ಸುದ್ದಿ ನೇರವಾಗಿ ಮುಟ್ಟುವುದು ವಾಣಿಜ್ಯ ಬ್ಯಾಂಕಿನಲ್ಲಿ ಮನೆ ಸಾಲ ಮಾಡಿದ ಮಾಸ್ತರರಿಗೆ, ಅಂಗಡಿ ಮೇಲೆ ಓಡಿ ತೆಗೆದ ವ್ಯಾಪಾರಿಗೆ. ಜೊತೆಗೆ ಎಫ್‌ಡಿ ಬಡ್ಡಿಯಲ್ಲಿ ಔಷಧಿ ತರುವ ಹಿರಿಯರಿಗೆ, ಅದೂ ಉಲ್ಟಾ ದಿಕ್ಕಿನಲ್ಲಿ. 2 ಲಕ್ಷ ಇಟ್ಟವರಿಗೆ ಬಡ್ಡಿ ಶೇ. 7ರಿಂದ 6 ಆದರೆ ವರ್ಷಕ್ಕೆ 2,000 ರೂಪಾಯಿ ಖೋತಾ.

ಆಗ ಮುಂದೆ ನೋಡಬೇಕಿದ್ದದ್ದು

ಎಲ್ಲ ಸೇರಿಸಿ ತೂಗಿದರೆ, ಆಗಸ್ಟ್‌ನ ತೀರ್ಮಾನ ಹಟದ್ದಲ್ಲ. ಇಳಿದ ಅಂಕಿ ಬಹುಪಾಲು ತರಕಾರಿಯದು, ಆಹಾರ ಬಿಟ್ಟ ಬೆಲೆ ಆಗ ಇನ್ನೂ ಗುರಿಗಿಂತ ಮೇಲಿತ್ತು, ಮೊದಲು ಇಳಿಸಿದ್ದು ಜನರಿಗೆ ಪೂರ್ತಿ ಮುಟ್ಟಿರಲಿಲ್ಲ. ಎರಡು ತಿಂಗಳು ಕಾಯುವುದರಿಂದ ಕಳೆದುಕೊಳ್ಳುವುದು ಕಡಿಮೆ ಇತ್ತು. ಆದರೆ ಈ ಸಮರ್ಥನೆಗೆ ಅವಧಿ ಇತ್ತು. ಮುಂದಿನ ಸಭೆ 2025ರ ಸೆಪ್ಟೆಂಬರ್ 29ರಿಂದ ಅಕ್ಟೋಬರ್ 1ರವರೆಗೆ ನಿಗದಿಯಾಗಿತ್ತು. ಅಷ್ಟರಲ್ಲಿ ಆಗಸ್ಟ್ ತಿಂಗಳ ಅಂಕಿ ಸೆಪ್ಟೆಂಬರ್ 12ರ ಸುಮಾರಿಗೆ ಬರಬೇಕಿತ್ತು.

ಆಗ ಒಟ್ಟು ಅಂಕಿಗಿಂತ ಎರಡು ವಿಷಯ ನೋಡಬೇಕಿತ್ತು. ಆಹಾರ ಬಿಟ್ಟ ಮೂಲ ಹಣದುಬ್ಬರ 4ರ ಕೆಳಗೆ ಬಂತೇ? 2026ರ ಏಪ್ರಿಲ್-ಜೂನ್‌ಗೆ ಹೇಳಿದ 4.9ರ ಅಂದಾಜನ್ನು ಬ್ಯಾಂಕ್ ಮತ್ತೆ ಇಳಿಸಿತೇ? ಎರಡಕ್ಕೂ ಹೌದು ಅಂತ ಉತ್ತರ ಬಂದಿದ್ದರೆ, ಆಗಸ್ಟ್‌ನಲ್ಲಿ ಕೊಟ್ಟ ಕಾರಣವನ್ನೇ ಮತ್ತೊಮ್ಮೆ ಹೇಳಿ ಕುಳಿತುಕೊಳ್ಳಲು ಸಮಿತಿಗೆ ಬರುತ್ತಿರಲಿಲ್ಲ. ಇಲ್ಲ ಅಂತ ಬಂದಿದ್ದರೆ, ಕಂತು ಇನ್ನೂ ಇಳಿಯುತ್ತದೆ ಎಂಬ ಲೆಕ್ಕದ ಮೇಲೆ ಆಗಲೇ ಹೊಸ ಸಾಲಕ್ಕೆ ಕೈ ಹಾಕುವವರು ಒಂದು ಸಲ ವಿಚಾರ ಮಾಡುವುದು ಒಳ್ಳೆಯದಿತ್ತು.